ಇಪ್ಪತ್ತು ಡಿಗ್ರಿ ಇಳಿಸುವುದು

ನಮ್ಮ ಮನೆಯ ಓವನ್ ಬಂದದ್ದು ಸೌದಿಯಿಂದ. ನಾದಿನಿಯ ಗಂಡ ಅಲ್ಲಿನ ಕೆಲಸ ಬಿಟ್ಟು ಊರಿಗೆ ಮರಳುವಾಗ ಹಡಗಿನಲ್ಲಿ ಸಾಮಾನು ಹಾಕಿಸಿದ್ದರು. ಸೋಫಾ, ಕಾರ್ಪೆಟ್, ಯಾರಿಗೂ ಬೇಡದ ಒಂದು ವ್ಯಾಯಾಮದ ಸೈಕಲ್ಲು, ಅವುಗಳ ನಡುವೆ ಅಮೆರಿಕದಲ್ಲಿ ಮಾಡಿದ ಈ ಓವನ್. ಸಣ್ಣ ಗೋದ್ರೇಜ್ ಕಪಾಟಿನಷ್ಟು ಭಾರ. ಬಂಟ್ವಾಳದ ನಮ್ಮ ಮನೆಯ ಮೆಟ್ಟಿಲು ಹತ್ತಿಸುವಾಗ ಮೂವರು ಬೆವರಿಳಿಸಿಕೊಂಡರು. ನಾನಾಗ ಮನೆಯಲ್ಲಿಯೇ ಕೇಕು ಮಾಡಿ ಕೊಡಲು ಸುರುಮಾಡಿ ಎರಡು ವರ್ಷವಾಗಿತ್ತು. ಒಂದು ಕಿಲೋದ ಕೇಕು ಬೇಯಿಸುವ ಪೆಟ್ಟಿಗೆಯಂಥ ಓವನ್ನಿನಲ್ಲಿ ಒದ್ದಾಡುತ್ತಿದ್ದೆ. ದೊಡ್ಡದು ಬಂತೆಂದು ಅದಕ್ಕೆ ಕುಂಕುಮ ಹಚ್ಚಿದೆ.

ಹಚ್ಚಿದ ಮೇಲೆ ನೋಡುತ್ತೇನೆ, ತಿರುಗಿಸುವ ಗುಂಡಿಯ ಸುತ್ತ ಇನ್ನೂರು, ಇನ್ನೂರೈವತ್ತು, ಮುನ್ನೂರು, ಮುನ್ನೂರೈವತ್ತು ಎಂದೆಲ್ಲ ಬರೆದಿದೆ. ಎಲ್ಲ ಫ್ಯಾರನ್‌ಹೀಟ್. ನನ್ನ ಅಭ್ಯಾಸವೆಲ್ಲ ಸೆಲ್ಸಿಯಸ್ಸಿನದ್ದು. ನಾನು ಕೇಕಿಗೆ ಇಡುತ್ತಿದ್ದದ್ದು ನೂರ ಎಂಬತ್ತು.

"ಮಾವ, ನೂರ ಎಂಬತ್ತು ಅಂದ್ರೆ ಇದರಲ್ಲಿ ಎಷ್ಟು?" ಎಂದು ಕೇಳಿದೆ.

ಮಾವ ಪೇಪರು ಮಡಚಿಟ್ಟರು. ಅವರು ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿದವರು. ನಮ್ಮ ಮನೆಮಾತು ತುಳು. ಆದರೆ ಲೆಕ್ಕ ಬಂದರೆ ಮಾವ ತುಳು ಬಿಟ್ಟು ಕನ್ನಡಕ್ಕೆ ಬರುತ್ತಿದ್ದರು, ಅದೂ ಕರಿಹಲಗೆಯ ಎದುರು ನಿಂತ ಕನ್ನಡಕ್ಕೆ.

"ಒಂಬತ್ತರಿಂದ ಗುಣಿಸು, ಐದರಿಂದ ಭಾಗಿಸು. ಮುನ್ನೂರ ಇಪ್ಪತ್ತನಾಲ್ಕು ಬಂತು. ಅದಕ್ಕೆ ಮೂವತ್ತೆರಡು ಕೂಡಿಸು. ಮುನ್ನೂರ ಐವತ್ತಾರು. ಮುನ್ನೂರೈವತ್ತರ ಗೆರೆಯಿಂದ ಒಂದು ಕೂದಲಷ್ಟು ಮೇಲೆ ಇಡು ಮಗಾ."

ಸರಿಯಾದ ಉತ್ತರ. ನಾನು ಫೋನಿನಲ್ಲಿ ಹಾಕಿ ನೋಡಿದೆ, ಅದೂ ಮುನ್ನೂರ ಐವತ್ತಾರೇ ಎಂದಿತು. ಮಾವ ನನ್ನ ಫೋನಿನ ಕಡೆ ನೋಡಿ ನಕ್ಕರು. "ನಿನ್ನ ಯಂತ್ರಕ್ಕೆ ಚಾರ್ಜು ಬೇಕು, ನನಗೆ ಒಂದು ಲೋಟ ಚಾ ಸಾಕು."

ಅತ್ತೆ ತೀರಿಕೊಂಡ ಮೇಲೆ ಮಾವ ನಕ್ಕದ್ದು ಕಡಿಮೆ. ಪಿಂಚಣಿ ಬರುತ್ತಿತ್ತು, ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಅವರ ಹತ್ತಿರ ಲೆಕ್ಕ ಕೇಳುವವರು ಯಾರೂ ಉಳಿದಿರಲಿಲ್ಲ. ಮಕ್ಕಳೆಲ್ಲ ಟ್ಯೂಷನ್ನಿಗೆ ಹೋಗುತ್ತಾರೆ, ದೊಡ್ಡವರೆಲ್ಲ ಫೋನು ಒತ್ತುತ್ತಾರೆ. ಮಾವನಿಗೆ ಇದ್ದ ಒಂದೇ ಆಸ್ತಿ, ಲೆಕ್ಕದ ಮಾಷ್ಟ್ರು ತಪ್ಪುವುದಿಲ್ಲ ಎಂಬ ಹೆಸರು. ಅದನ್ನು ಅವರು ಇಸ್ತ್ರಿ ಹಾಕಿದ ಅಂಗಿಯ ಹಾಗೆ ಜೋಪಾನ ಮಾಡಿಕೊಂಡಿದ್ದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಹೊಸ ಓವನ್ನಿನಲ್ಲಿ ಮೊದಲ ಕೇಕು ಮೇಲಿನಿಂದ ಕರಕಲಾಗಿ ನಡುವೆ ಬಿರುಕು ಬಿಟ್ಟಿತು. ಎರಡನೆಯದೂ ಹಾಗೆಯೇ. ಆಮೇಲೆ ಕಾರಣ ಗೊತ್ತಾಯಿತು. ಅದರ ಹಿಂದೆ ಒಂದು ಫ್ಯಾನ್ ಇದೆ, ಬಿಸಿಗಾಳಿಯನ್ನು ಸುತ್ತಿಸುತ್ತದೆ, ಹಾಗಾಗಿ ಬೇಗ ಬೇಯುತ್ತದೆ. ಫ್ಯಾನ್ ಇದ್ದರೆ ಹೇಳಿದ್ದಕ್ಕಿಂತ ಇಪ್ಪತ್ತು ಡಿಗ್ರಿ ಕಡಿಮೆ ಇಡಬೇಕು. ಹೀಗೆಂದು ನಾನು ನೋಡುವ ವೀಡಿಯೋದ ಹೆಂಗಸು ಹೇಳಿದಳು. ಅವಳ ಇಪ್ಪತ್ತು ಸೆಲ್ಸಿಯಸ್ಸಿನದ್ದು.

"ಮಾವ, ಇಪ್ಪತ್ತು ಡಿಗ್ರಿ ಅಂದ್ರೆ ಎಷ್ಟು?"

"ಇಪ್ಪತ್ತು ಒಂಬತ್ಲಿ ನೂರ ಎಂಬತ್ತು, ಭಾಗಿಸು ಐದು, ಮೂವತ್ತಾರು, ಕೂಡಿಸು ಮೂವತ್ತೆರಡು. ಅರುವತ್ತೆಂಟು," ಎಂದರು ಮಾವ, ಬಾಯಿಯಲ್ಲಿ ಎಲೆಯಡಿಕೆ ಇದ್ದ ಹಾಗೆಯೇ.

ನಾನು ಫೋನಿಗೂ ಕೇಳಿದೆ. ಇಪ್ಪತ್ತು ಸೆಲ್ಸಿಯಸ್ ಎಂದು ಹಾಕಿದೆ, ಅರುವತ್ತೆಂಟು ಎಂದು ಬಂತು. ಮಾವ ಮತ್ತು ಫೋನು ಇಬ್ಬರೂ ಒಂದೇ ಹೇಳಿದ ಮೇಲೆ ಇನ್ನೇನು? ಮುನ್ನೂರ ಐವತ್ತಾರರಲ್ಲಿ ಅರುವತ್ತೆಂಟು ಕಳೆದು ಇನ್ನೂರ ಎಂಬತ್ತೆಂಟು ಎಂದು ಗುಂಡಿ ತಿರುಗಿಸಿದೆ. ಮುನ್ನೂರರ ಗೆರೆಗಿಂತ ಸ್ವಲ್ಪ ಕೆಳಗೆ. ಪರೀಕ್ಷೆಗೆಂದು ಪುಟ್ಟ ಪುಟ್ಟ ಕಪ್ ಕೇಕು ಇಟ್ಟೆ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯಿತು, ಆದರೆ ಕರಕಲಾಗದೆ ತೆಳು ಚಿನ್ನದ ಬಣ್ಣಕ್ಕೆ ಬಂದವು. ಮಾವನಿಗೆ ಒಂದು ಕೊಟ್ಟೆ. "ಲೆಕ್ಕ ಸರಿ ಇದ್ದರೆ ಎಲ್ಲವೂ ಸರಿ," ಎಂದು ತಿಂದರು.

ಅದೇ ವಾರ ಬೆಳ್ತಂಗಡಿಯಿಂದ ದೊಡ್ಡ ಆರ್ಡರ್ ಬಂತು. ಒಬ್ಬರು ಟೀಚರು, ನನ್ನ ತಾಯಿಮನೆಯ ಕಡೆಯಿಂದ ಪರಿಚಯ. ಮೊಮ್ಮಗಳ ಮೊದಲ ಹುಟ್ಟುಹಬ್ಬ, ಹಾಲ್‌ನಲ್ಲಿ ಊಟ, ಮೊಟ್ಟೆ ಹಾಕದ ಎರಡಂತಸ್ತಿನ ಕೇಕು ಬೇಕು. "ನಿಮ್ಮ ಕೈಯದ್ದೇ ಆಗ್ಬೇಕು ಮಾರಾಯ್ರೆ, ನಮ್ಮ ಕಡೆಯವರು ಎಲ್ಲ ಬರ್ತಾರೆ," ಎಂದರು. ಅಷ್ಟು ದೊಡ್ಡ ಕೇಕನ್ನು ನಾನು ಅಲ್ಲಿವರೆಗೆ ಮಾಡಿರಲಿಲ್ಲ.

ಹುಟ್ಟುಹಬ್ಬದ ದಿನ ಕೆಳಗಿನ ಅಂತಸ್ತಿನ ಕೇಕನ್ನು ವೀಡಿಯೋದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಹೊರತೆಗೆದೆ. ಬಣ್ಣ ಚೆಂದ. ಕಡ್ಡಿ ಚುಚ್ಚಿ ನೋಡಿದೆ, ಅಂಚಿನ ಹತ್ತಿರ. ನಡುವೆ ತೂತು ಬೀಳಬಾರದೆಂದು ಅಲ್ಲಿ ಚುಚ್ಚಲಿಲ್ಲ. ಕಡ್ಡಿ ಸ್ವಚ್ಛವಾಗಿ ಬಂತು. ಮೇಜಿನ ಮೇಲಿಟ್ಟು ಚಾ ಕುಡಿದು ಬರುವಷ್ಟರಲ್ಲಿ ಕೇಕಿನ ನಡುಭಾಗ ಕುಸಿದು ಒಂದು ಬಟ್ಟಲು ಇಡಬಹುದಾದಷ್ಟು ಗುಂಡಿಯಾಗಿತ್ತು. ಕೇಕು ಮಾಡುವ ಯಾರಿಗಾದರೂ ಗೊತ್ತು, ನಡುವೆ ಕುಸಿಯಿತು ಅಂದರೆ ಬೆಂದಿಲ್ಲ ಎಂದು. ನನಗೂ ಗೊತ್ತಿತ್ತು. ಇನ್ನೊಂದು ಮಾಡಲು ಹೊತ್ತಿರಲಿಲ್ಲ, ಬೆಳ್ತಂಗಡಿಗೆ ಹೋಗಲು ಕಾರಿಗೆ ಹೇಳಿಯಾಗಿತ್ತು. ನಾನು ಆ ಗುಂಡಿಯನ್ನು ಕ್ರೀಮಿನಿಂದ ತುಂಬಿಸಿ ಮಟ್ಟ ಮಾಡಿದೆ. ಮೇಲೆ ಇನ್ನೊಂದು ಅಂತಸ್ತು ಇಟ್ಟೆ. ಗುಲಾಬಿ ಹೂ ಬಿಡಿಸಿದೆ. ಚೆಂದ ಕಾಣುತ್ತಿತ್ತು.

ಹಾಲ್‌ನಲ್ಲಿ ಟೀಚರು ನನ್ನನ್ನು ಊಟಕ್ಕೆ ನಿಲ್ಲಿಸಿಕೊಂಡರು. ಮೇಲಿನ ಅಂತಸ್ತನ್ನು ಮಗುವಿನ ಕೈ ಹಿಡಿದು ಕತ್ತರಿಸಿದರು, ಚಪ್ಪಾಳೆ ಆಯಿತು. ಆಮೇಲೆ ಹಂಚಲು ಟೀಚರು ತಾವೇ ಕೆಳಗಿನದಕ್ಕೆ ಚೂರಿ ಹಾಕಿದರು. ಚೂರಿ ನಡುವಿಗೆ ಬಂದದ್ದೇ ಅಂಟಿ ನಿಂತಿತು. ಎಳೆದಾಗ ಹಸಿ ಹಿಟ್ಟು ಚೂರಿಗೆ ಮೆತ್ತಿಕೊಂಡು ಬಂತು. ಸಾಲಿನಲ್ಲಿ ನಿಂತಿದ್ದ ಒಬ್ಬರು, "ಇದೆಂಥದು, ಒಳಗೆ ಹಾಲುಬಾಯಿ ಮಾಡಿದ್ದಾ?" ಎಂದು ಕೇಳಿದರು. ಹಾಲುಬಾಯಿ ಎಂದರೆ ಅಕ್ಕಿ, ಬೆಲ್ಲ, ತೆಂಗಿನ ಹಾಲಿನ ಮೆತ್ತಗಿನ ಸಿಹಿ. ಸುತ್ತ ಇದ್ದವರು ನಕ್ಕರು. ತಮಾಷೆಗೇ ನಕ್ಕದ್ದು. ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು ನನಗೆ.

ಟೀಚರು ಚೂರಿ ಒರೆಸಿ ಅಂಚಿನ ಬೆಂದ ತುಂಡುಗಳನ್ನು ಮಾತ್ರ ಕತ್ತರಿಸಿ ಹಂಚಿದರು.

"ಬೇಯುವಾಗ ಕರೆಂಟು ಹೋಯ್ತು ಟೀಚರ್," ಎಂದೆ ನಾನು. "ಬಂದು ಹೋಗಿ ಮಾಡ್ತಾ ಇತ್ತು."

"ಆಗ್ತದೆ, ಆಗ್ತದೆ. ಕ್ರೀಮು ಭಾರೀ ರುಚಿ ಆಗಿದೆ," ಎಂದರು ಟೀಚರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ದಿನ ಬೆಳಗ್ಗಿನಿಂದ ಕರೆಂಟು ಒಂದು ನಿಮಿಷವೂ ಹೋಗಿರಲಿಲ್ಲ.

ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಕಾಯುತ್ತಿದ್ದರು. "ಹೇಗಾಯ್ತು?"

"ಲಾಯ್ಕ ಆಗಿದೆ ಮಾವ."

"ಆಗಲೇಬೇಕು," ಎಂದರು ಮಾವ.

ಮರುದಿನ ಬೆಳಗ್ಗೆ ಓವನ್ನಿನ ಎದುರು ಸ್ಟೂಲು ಹಾಕಿ ಕುಳಿತೆ. ಸಿಟ್ಟು ಬಂದಿತ್ತು, ಓವನ್ನಿನ ಮೇಲೆ, ಅದನ್ನು ಕಳಿಸಿದವರ ಮೇಲೆ, ವೀಡಿಯೋದ ಹೆಂಗಸಿನ ಮೇಲೆ. ಬಿ.ಕಾಂ. ಓದಿದವಳು ನಾನು, ವಿಜ್ಞಾನ ಹತ್ತನೆಯ ತರಗತಿಗೆ ಮುಗಿದಿದೆ. ಆದರೂ ಒಂದು ಸಂಗತಿ ತಲೆಗೆ ಬಂತು. ನೂರ ಎಂಬತ್ತರಿಂದ ಇಪ್ಪತ್ತು ಇಳಿಸಿದರೆ ನೂರ ಅರುವತ್ತು ತಾನೇ? ನೇರವಾಗಿ ನೂರ ಅರುವತ್ತನ್ನೇ ಬದಲಿಸಿ ನೋಡಿದರೆ ಹೇಗೆ? ಫೋನಿನಲ್ಲಿ ಹಾಕಿದೆ. ಮುನ್ನೂರ ಇಪ್ಪತ್ತು. ನಾನು ಇಟ್ಟದ್ದು ಇನ್ನೂರ ಎಂಬತ್ತೆಂಟು.

ಎರಡು ದಾರಿ, ಎರಡು ಉತ್ತರ. ನಡುವಿನ ವ್ಯತ್ಯಾಸ ಮೂವತ್ತೆರಡು.

ಆ ಮೂವತ್ತೆರಡನ್ನು ನೋಡುತ್ತ ಕುಳಿತೆ. ನೂರ ಎಂಬತ್ತನ್ನು ಬದಲಿಸುವಾಗ ಒಮ್ಮೆ ಮೂವತ್ತೆರಡು ಕೂಡಿಸಿದ್ದೇವೆ. ನೂರ ಅರುವತ್ತನ್ನು ಬದಲಿಸುವಾಗಲೂ ಕೂಡಿಸಿದ್ದೇವೆ. ಒಂದರಿಂದ ಇನ್ನೊಂದನ್ನು ಕಳೆದರೆ ಮೂವತ್ತೆರಡಕ್ಕೆ ಮೂವತ್ತೆರಡು ಹೋಗಿಬಿಡುತ್ತದೆ. ಉಳಿಯುವುದು ಇಪ್ಪತ್ತಕ್ಕೆ ಮೂವತ್ತಾರು ಮಾತ್ರ. ಆ ಮೂವತ್ತೆರಡು ಇರುವುದು ಎರಡು ಅಳತೆಗಳ ಸೊನ್ನೆ ಬೇರೆ ಬೇರೆ ಜಾಗದಲ್ಲಿ ಇರುವುದಕ್ಕಾಗಿ. ಎಷ್ಟು ಇಳಿಸಬೇಕು ಎಂಬುದಕ್ಕೂ ಸೊನ್ನೆ ಎಲ್ಲಿದೆ ಎಂಬುದಕ್ಕೂ ಸಂಬಂಧವೇ ಇಲ್ಲ. ನಾನು ಮೂವತ್ತಾರು ಇಳಿಸಬೇಕಾದಲ್ಲಿ ಅರುವತ್ತೆಂಟು ಇಳಿಸಿದ್ದೆ. ಸೆಲ್ಸಿಯಸ್ಸಿನಲ್ಲಿ ಹೇಳುವುದಾದರೆ ನೂರ ಅರುವತ್ತರಲ್ಲಿ ಬೇಯಬೇಕಾದ ಕೇಕು ನೂರ ನಲುವತ್ತೆರಡರಲ್ಲಿ ಕುಳಿತಿತ್ತು. ಕಪ್ ಕೇಕು ಸಣ್ಣದು, ಹೇಗೋ ಬೆಂದಿತು. ದೊಡ್ಡದರ ಹೊಟ್ಟೆಗೆ ಬಿಸಿ ತಲುಪಲಿಲ್ಲ. ಫೋನಿನದ್ದೂ ತಪ್ಪಲ್ಲ. ಗುಂಡಿಯನ್ನು ಇಪ್ಪತ್ತಕ್ಕೆ ಇಡಬೇಕೋ, ಇಪ್ಪತ್ತು ಇಳಿಸಬೇಕೋ ಎಂದು ಅದಕ್ಕೆ ನಾನು ಹೇಳಿರಲೇ ಇಲ್ಲ.

ಮಾವ ಪಕ್ಕದ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದರು. ಎದ್ದು ಹೋಗಿ ಹೇಳಬಹುದಿತ್ತು. ಬಾಗಿಲವರೆಗೆ ಹೋದೆ ಕೂಡ. ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ, ಕಾಲಬೆರಳಿನಿಂದ ತಾಳ ಹಾಕುತ್ತ ಇದ್ದರು. ಈ ವಯಸ್ಸಿನಲ್ಲಿ ಇದನ್ನು ಹೇಳಿ ಏನು ಆಗಬೇಕು ಎಂದುಕೊಂಡು ಹಿಂದೆ ಬಂದೆ. ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಮುನ್ನೂರ ಇಪ್ಪತ್ತರ ಜಾಗದಲ್ಲಿ ಒಂದು ಚುಕ್ಕಿ ಇಟ್ಟೆ.

ಕೆಲವು ದಿನದ ನಂತರ ಮಾವ ಅದನ್ನು ಕಂಡರು. ಅವರಿಗೆ ಆ ಸಣ್ಣ ಅಂಕೆಗಳು ಕಾಣಿಸುತ್ತಿರಲಿಲ್ಲ, ಕೆಂಪು ಮಾತ್ರ ಕಂಡಿತು. "ಇದು ನನ್ನ ಲೆಕ್ಕದ ಗುರುತಾ?"

"ಹೌದು ಮಾವ."

ಆಮೇಲೆ ಕೇಕುಗಳು ಒಂದಕ್ಕಿಂತ ಒಂದು ಚೆನ್ನಾಗಿ ಬಂದವು, ಮಾವನ ಹೆಮ್ಮೆಯೂ ಹಾಗೆಯೇ ಉಬ್ಬಿತು. ಕ್ಷೌರದ ಅಂಗಡಿಯಲ್ಲಿ ಹೇಳಿದರು, ರೇಷನ್ ಅಂಗಡಿಯ ಸಾಲಿನಲ್ಲಿ ಹೇಳಿದರು. ಒಂದು ಮದುವೆಯ ಊಟದಲ್ಲಿ ಪಕ್ಕದ ಎಲೆಯವರಿಗೆ, "ಇಪ್ಪತ್ತು ಡಿಗ್ರಿ ಇಳಿಸ್ಬೇಕಾದ್ರೆ ಅರುವತ್ತೆಂಟು ಇಳಿಸ್ಬೇಕು, ಅದು ಬರೇ ಅಡುಗೆ ಮಾಡುವವರಿಗೆ ಗೊತ್ತಾಗುದಿಲ್ಲ," ಎಂದು ವಿವರಿಸುತ್ತಿದ್ದರು. ಆ ಪಕ್ಕದ ಎಲೆಯವರು ಯಾವುದೋ ಕಾಲೇಜಿನವರು. ಕೈ ಅನ್ನದಲ್ಲಿಯೇ ನಿಂತು, ಒಂದು ಕ್ಷಣ ಯೋಚಿಸಿ, ಸುಮ್ಮನೆ ತಲೆಯಾಡಿಸಿದರು. ಎದುರಿನ ಸಾಲಿನಲ್ಲಿದ್ದ ನಾನು ಬೇಗ ಬೇಗ, "ಮಾವ, ಪಾಯಸ ಬಂತು," ಎಂದೆ. ಆ ಮನುಷ್ಯ ತಲೆಯಾಡಿಸಿದ ಬಗೆ ನನಗೆ ಚುಚ್ಚಿತು. ವಯಸ್ಸಾದವರು ಏನೋ ಹೇಳುತ್ತಾರೆ ಎಂಬ ತಲೆಯಾಟ ಅದು. ನಾನೂ ಮನೆಯಲ್ಲಿ ದಿನಾ ಅದನ್ನೇ ಮಾಡುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ. ನನ್ನದು ಮರ್ಯಾದೆ ಎಂದುಕೊಂಡಿದ್ದೆ.

ಬೆಳ್ತಂಗಡಿ ಟೀಚರು ಮತ್ತೆ ಫೋನು ಮಾಡಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ಮಾತ್ರ ಚೆನ್ನಾಗಿ ಮಾತಾಡುತ್ತಿದ್ದರು. ಕ್ಷಮಿಸಿದ್ದಾರೆ ಎಂದುಕೊಂಡೆ. ದೊಡ್ಡ ಮನಸ್ಸು ಎಂದು ಗಂಡನ ಹತ್ತಿರ ಹೇಳಿಯೂ ಇದ್ದೆ.

ವರ್ಷ ತುಂಬುತ್ತ ಬಂದಾಗ ಮೂಡಬಿದಿರೆಯಿಂದ ಕರೆ ಬಂತು. ಅಲ್ಲಿ ಒಬ್ಬರು ಹೆಂಗಸರಿಗೆ ಕೇಕು, ಬಿಸ್ಕತ್ತು ಮಾಡುವ ತರಗತಿ ನಡೆಸುತ್ತಾರೆ. ಬಂದವರಲ್ಲಿ ಕೆಲವರ ಮನೆಗೆ ನಮ್ಮದರಂಥದ್ದೇ ಹಳೆಯ ಓವನ್ ಹೊರದೇಶದಿಂದ ಬಂದಿದೆ. "ನಿಮ್ಮ ಮಾವ ಇದನ್ನೆಲ್ಲ ಭಾರೀ ಲಾಯ್ಕದಲ್ಲಿ ಹೇಳ್ತಾರಂತೆ. ಒಂದು ಅರ್ಧ ಗಂಟೆ ಕರ್ಕೊಂಡು ಬನ್ನಿ," ಎಂದರು.

ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಾವನಿಗೆ ಕೇಳಿಸಿತ್ತು, ಫೋನು ಸ್ಪೀಕರಿನಲ್ಲಿತ್ತು. ಅವರು ಹೌದೌದು ಎಂದುಬಿಟ್ಟರು.

ಆ ವಾರ ಮಾವ ಬಿಳಿ ಅಂಗಿ ತೊಳೆಸಿ ಇಸ್ತ್ರಿ ಮಾಡಿಸಿದರು. ಪೇಟೆಗೆ ಹೋಗಿ ಸೀಮೆಸುಣ್ಣದ ಡಬ್ಬಿ ತಂದರು, ಅಲ್ಲಿ ಬಿಳಿ ಹಲಗೆಯಿದ್ದರೆ ಪೆನ್ನು ಬೇಕಾಗುತ್ತದೆ ಎಂದು ಅದನ್ನೂ ತಂದರು. ಹೇಳಬೇಕು, ಇವತ್ತು ಹೇಳಬೇಕು ಎಂದು ನಾನು ಪ್ರತಿ ಬೆಳಗ್ಗೆ ಅಂದುಕೊಂಡೆ. ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ಇನ್ನೊಂದು ದಿನ ತಳ್ಳಿದೆ. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದಾಗಲೂ ಹೇಳುವ ಎಂದುಕೊಂಡೆ. ಸಿದ್ಧಕಟ್ಟೆ ದಾಟಿದಾಗ, "ಮಾವ, ಆ ಅರುವತ್ತೆಂಟು..." ಎಂದೆ.

"ಅದನ್ನೇ ಕೊನೆಗೆ ಹೇಳುದು," ಎಂದರು ಮಾವ. "ಮೊದಲು ಸೂತ್ರ ಹೇಳ್ತೇನೆ, ಕೊನೆಗೆ ಅದು. ನೀನು ಗಾಬರಿ ಮಾಡ್ಬೇಡ ಮಗಾ, ನಾನು ತಪ್ಪುದಿಲ್ಲ."

ನಾನು ಕಿಟಕಿಯ ಹೊರಗೆ ನೋಡಿದೆ.

ತರಗತಿ ಒಂದು ಮನೆಯ ಮಹಡಿಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದಷ್ಟು ಹೆಂಗಸರು, ಎದುರು ಬಿಳಿ ಹಲಗೆ. ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಮಾವ ನಿಂತ ಕೂಡಲೇ ಹತ್ತು ವರ್ಷ ಚಿಕ್ಕವರಾದರು. ನೀರು ಹೆಪ್ಪುಗಟ್ಟುವುದು ಇಲ್ಲಿ ಸೊನ್ನೆಗೆ, ಅಲ್ಲಿ ಮೂವತ್ತೆರಡಕ್ಕೆ. ಕುದಿಯುವುದು ಇಲ್ಲಿ ನೂರಕ್ಕೆ, ಅಲ್ಲಿ ಇನ್ನೂರ ಹನ್ನೆರಡಕ್ಕೆ. ಸೂತ್ರ ಬರೆದರು. ನಗಿಸಿದರು. ಒಬ್ಬಳ ಕೈಯಲ್ಲಿ ಲೆಕ್ಕ ಮಾಡಿಸಿ ಶಹಬ್ಬಾಸ್ ಎಂದರು. ನೂರ ಎಂಬತ್ತರ ಎದುರು ಮುನ್ನೂರ ಐವತ್ತಾರು ಬರೆದರು.

"ಈಗ ಫ್ಯಾನ್ ಇರುವ ಓವನ್. ಇಪ್ಪತ್ತು ಇಳಿಸಬೇಕು. ಅಂದರೆ ನೂರ ಅರುವತ್ತು. ಅದನ್ನೂ ಬದಲಿಸುವ." ಮಾವ ಮಾತಾಡುತ್ತಲೇ ಬರೆದರು. ಮುನ್ನೂರ ಇಪ್ಪತ್ತು. "ಈಗ ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ. ಎಷ್ಟು ಬರಬೇಕು? ಅರುವತ್ತೆಂಟು."

"ಮೂವತ್ತಾರು ಬರ್ತದೆ ಸರ್," ಎಂದಿತು ಒಂದು ದನಿ, ಬಹಳ ಸಂಕೋಚದಿಂದ.

ಮಾವ ಹಲಗೆಯ ಕಡೆ ತಿರುಗಿದರು. ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ. ಪೆನ್ನು ಹಿಡಿದ ಕೈ ಗಾಳಿಯಲ್ಲಿ ನಿಂತಿತ್ತು. ಇನ್ನೊಮ್ಮೆ ಕಳೆದು ನೋಡಿದರು. ಯಾರೋ ಕುರ್ಚಿ ಎಳೆದ ಸದ್ದಾಯಿತು. ನಾನು ತಲೆ ತಗ್ಗಿಸಿ ಚಪ್ಪಲಿಯ ಪಟ್ಟಿಯನ್ನು ನೋಡುತ್ತಿದ್ದೆ. ತಲೆ ಎತ್ತಿದಾಗ ಮಾವ ತಿರುಗಿ ನಿಂತು ನನ್ನನ್ನೇ ನೋಡುತ್ತಿದ್ದರು. ನನ್ನ ಮುಖದಲ್ಲಿ ಆಶ್ಚರ್ಯ ಇರಬೇಕಿತ್ತು. ಇರಲಿಲ್ಲ. ಅದನ್ನು ಅವರು ಓದಿದರು.

"ಮೂವತ್ತಾರು ಸರಿ," ಎಂದರು ಮಾವ. "ನಾನು ಹೇಳಿದ್ದು ತಪ್ಪು. ಎಲ್ಲರೂ ನೋಡಿ, ನನ್ನ ತಪ್ಪು ಎಲ್ಲಿ ಉಂಟು ಅಂತ ಹುಡುಕುವ."

ಅವರು ಅರುವತ್ತೆಂಟು ಎಂದು ದೊಡ್ಡದಾಗಿ ಬರೆದು ಅದರ ಮೇಲೆ ಅಡ್ಡ ಗೆರೆ ಎಳೆದರು.

"ನಾನು ಇಳಿಸುವ ಇಪ್ಪತ್ತನ್ನೂ ಅದೇ ಸೂತ್ರಕ್ಕೆ ಹಾಕಿದೆ. ಈಗ ಕೇಳ್ತೇನೆ. ನೀವು ಗುಂಡಿಯನ್ನು ಮುಟ್ಟಲೇ ಇಲ್ಲ, ಎಷ್ಟು ಡಿಗ್ರಿ ಇಳಿಸಿದ ಹಾಗಾಯ್ತು?"

"ಸೊನ್ನೆ," ಎಂದರು ಹೆಂಗಸರು.

"ಸೊನ್ನೆಯನ್ನು ನನ್ನ ಸೂತ್ರಕ್ಕೆ ಹಾಕಿ. ಮೂವತ್ತೆರಡು ಬರ್ತದೆ. ಮುಟ್ಟದ ಗುಂಡಿ ಮೂವತ್ತೆರಡು ಡಿಗ್ರಿ ಹೇಗೆ ಇಳಿಯುದು? ಭೂತ ಬಂದು ತಿರುಗಿಸ್ತದಾ?"

ಎಲ್ಲರೂ ನಕ್ಕರು. ಮಾವನೂ ನಕ್ಕರು. ಆ ನಗುವನ್ನು ನೋಡಲು ನನಗೆ ಆಗಲಿಲ್ಲ.

"ಹತ್ತು ಡಿಗ್ರಿಯ ಚಳಿ ಅಂದರೆ ಅದು ಐವತ್ತು ಫ್ಯಾರನ್‌ಹೀಟ್. ಅದು ಒಂದು ಜಾಗ. ಹತ್ತು ಡಿಗ್ರಿ ಏರಿತು ಅಂದರೆ ಹದಿನೆಂಟು ಫ್ಯಾರನ್‌ಹೀಟ್ ಏರಿತು. ಅದು ನಡೆದ ದೂರ. ಮಂಗಳೂರಿನಿಂದ ಲೆಕ್ಕ ಇಟ್ಟರೆ ಒಂದು, ಬಿ.ಸಿ. ರೋಡಿನಿಂದ ಲೆಕ್ಕ ಇಟ್ಟರೆ ಇನ್ನೊಂದು, ಮಾಣಿ ಊರಿನ ಮೈಲುಗಲ್ಲಿನ ನಂಬರು ಬೇರೆ ಬೇರೆ ಆಗ್ತದೆ. ಆದರೆ ಮಾಣಿಯಿಂದ ಮುಂದಿನ ಊರಿಗೆ ನಡೆಯುವ ದೂರ ಬದಲಾಗ್ತದಾ? ಇಲ್ಲ. ಕಿಲೋಮೀಟರನ್ನು ಮೈಲು ಮಾಡ್ಬೇಕು, ಅಷ್ಟೇ. ಎಲ್ಲಿಂದ ಹೊರಟದ್ದು ಅಂತ ಕೂಡಿಸ್ಬಾರದು. ಜಾಗಕ್ಕೆ ಮೂವತ್ತೆರಡು ಬೇಕು, ದೂರಕ್ಕೆ ಬೇಡ. ಬರೆದುಕೊಳ್ಳಿ."

ಎಲ್ಲರೂ ಬರೆದುಕೊಂಡರು. ಮೂವತ್ತು ವರ್ಷ ಕಲಿಸಿದ ಪುಸ್ತಕದಲ್ಲಿ ಜಾಗದ ಪ್ರಶ್ನೆ ಮಾತ್ರ ಇತ್ತು, ದೂರದ ಪ್ರಶ್ನೆ ಯಾರೂ ಕೇಳಿರಲಿಲ್ಲ ಎಂದೂ ಮಾವ ಹೇಳಿದರು. ನೆವ ಹೇಳುವ ದನಿಯಲ್ಲಿ ಅಲ್ಲ. ಕೊನೆಗೆ ತರಗತಿಯವರು ಮಾವನಿಗೆ ಶಾಲು ಹೊದೆಸಿದರು. ಮಾವ ಅದನ್ನು ಮಡಚಿ ನನ್ನ ಕೈಗೆ ಕೊಟ್ಟರು, ಮುಖ ನೋಡದೆ.

ಹಿಂದಿರುಗುವ ಬಸ್ಸಿನಲ್ಲಿ ಟಿಕೆಟು ಮಾಡಿಸಿದ ಮೇಲೆ ಮಾವ ಕೇಳಿದರು, ತುಳುವಿನಲ್ಲಿ ಅಲ್ಲ, ಕನ್ನಡದಲ್ಲಿ.

"ಆ ಕೆಂಪು ಚುಕ್ಕಿ ಎಲ್ಲಿ ಇಟ್ಟದ್ದು?"

"ಮುನ್ನೂರ ಇಪ್ಪತ್ತರಲ್ಲಿ."

"ಯಾವಾಗ ಗೊತ್ತಾಯ್ತು?"

"ಬೆಳ್ತಂಗಡಿ ಕೇಕಿನ ಮರುದಿನ. ಅದು ನಡುವಲ್ಲಿ ಬೆಂದಿರಲಿಲ್ಲ ಮಾವ."

ಒಂದು ವರ್ಷವನ್ನು ಅವರು ಹಿಂದಕ್ಕೆ ಎಣಿಸುತ್ತಿದ್ದರು ಎಂದು ಕಾಣುತ್ತದೆ. ಕ್ಷೌರದ ಅಂಗಡಿ, ರೇಷನ್ ಅಂಗಡಿ, ಮದುವೆಯ ಊಟ. ನಾನು ಹೇಳಿದೆ, "ನಿಮಗೆ ಬೇಸರ ಆಗ್ತದೆ ಅಂತ..."

"ನಾನು ಎಷ್ಟೋ ಪೇಪರು ತಿದ್ದಿದ್ದೇನೆ ಮಗಾ," ಎಂದರು ಮಾವ. ದನಿ ಏರಲಿಲ್ಲ. "ತಪ್ಪು ಕಂಡರೆ ಕೆಂಪು ಗೆರೆ ಹಾಕದೆ ಬಿಡುದಿಲ್ಲ. ಆದರೆ ಕೆಲವು ಮಕ್ಕಳದ್ದು ಬಿಟ್ಟದ್ದುಂಟು. ಇವನಿಗೆ ಇನ್ನು ಹೇಳಿ ಪ್ರಯೋಜನ ಇಲ್ಲ ಅಂತ ಕೈಬಿಟ್ಟ ಮಕ್ಕಳದ್ದು. ಅವರದ್ದು ಮಾತ್ರ."

ಮಡಿಲಿನಲ್ಲಿ ಆ ಶಾಲು ಇತ್ತು. ಅತ್ತುಬಿಡಬಹುದಿತ್ತು, ಅತ್ತರೆ ಅದೂ ಅವರನ್ನೇ ಸಮಾಧಾನ ಮಾಡಲು ಕೇಳಿದ ಹಾಗಾಗುತ್ತದೆ ಎಂದು ತಡೆದೆ.

"ಬೆಳ್ತಂಗಡಿಯವರಿಗೆ ಏನು ಹೇಳಿದ್ದೀ?"

"ಕರೆಂಟು ಹೋಯ್ತು ಅಂತ."

"ಫೋನು ಮಾಡು. ಲೆಕ್ಕ ತಪ್ಪಿದ್ದು ನನ್ನದು ಅಂತ ಹೇಳು. ಈಗಲೇ."

ಬಸ್ಸಿನಲ್ಲೇ ಫೋನು ಮಾಡಿದೆ. ಟೀಚರು ಕೂಡಲೇ ಎತ್ತಿದರು. ನಾನು ಒಂದೇ ಉಸಿರಿಗೆ ಹೇಳಿದೆ, ಕರೆಂಟು ಹೋದದ್ದಲ್ಲ, ಬಿಸಿ ಎಷ್ಟು ಇಳಿಸಬೇಕೆಂಬ ಲೆಕ್ಕದಲ್ಲಿ ತಪ್ಪಿತು, ಕೇಕು ಕುಸಿದದ್ದು ನನಗೆ ಮನೆಯಲ್ಲಿಯೇ ಗೊತ್ತಿತ್ತು ಎಂದು. ಮಾವ ಹೇಳು ಎಂದದ್ದಕ್ಕಿಂತ ಒಂದು ಮಾತು ಹೆಚ್ಚೇ ಹೇಳಿದೆ.

ಟೀಚರು ನಕ್ಕರು, ಮೆಲ್ಲಗೆ. "ಅದು ನನಗೆ ಆವತ್ತೇ ಗೊತ್ತಿತ್ತು ಮಾರಾಯ್ರೆ. ನಡುವಿನಲ್ಲಿ ಮಾತ್ರ ಎರಡು ಬೆರಳು ದಪ್ಪ ಕ್ರೀಮು ಇತ್ತಲ್ಲ. ಗುಂಡಿ ಮುಚ್ಚಿದ್ದು ಚೂರಿ ಹಾಕುವಾಗಲೇ ಕಂಡಿತು."

"ಹೇಳ್ಲಿಲ್ಲ ನೀವು."

"ಯಾಕೆ ಸುಮ್ನೆ, ನಿಮಗೆ ಬೇಸರ ಆಗ್ತದೆ ಅಂತ."

ಬಸ್ಸು ಒಂದು ತಿರುವಿನಲ್ಲಿ ವಾಲಿತು. ನಾನು ಎದುರಿನ ಸೀಟಿನ ಕಂಬಿ ಹಿಡಿದುಕೊಂಡೆ. ಏನಾದರೂ ಹೇಳಬೇಕಲ್ಲ ಎಂದು, "ಮುಂದಿನ ತಿಂಗಳು ಮೊಮ್ಮಗಳಿಗೆ ಎರಡು ವರ್ಷ ಅಲ್ವಾ ಟೀಚರ್? ಕೇಕು ನಾನು ಮಾಡಿ ಕೊಡ್ತೇನೆ. ಈಗ ಸರಿ ಆಗ್ತದೆ," ಎಂದೆ.

"ಅಯ್ಯೋ, ಅದಕ್ಕೆ ಉಜಿರೆಯಲ್ಲಿ ಒಬ್ಬರಿಗೆ ಹೇಳಿ ಆಯ್ತಲ್ಲ," ಎಂದರು ಟೀಚರು, ಮೊದಲಿನಷ್ಟೇ ಪ್ರೀತಿಯಿಂದ. "ನೀವು ಊಟಕ್ಕೆ ಬನ್ನಿ ಆಯ್ತಾ? ನಿಮ್ಮ ಮಾವನನ್ನೂ ಕರ್ಕೊಂಡು ಬನ್ನಿ."

ಫೋನು ಇಟ್ಟೆ. ಟೀಚರು ಏನೆಂದರು ಎಂದು ಮಾವ ಕೇಳಲಿಲ್ಲ. ಅವರಿಗೆ ಎಲ್ಲ ಕೇಳಿಸಿತ್ತು, ನನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿಯೇ ಇರುತ್ತದೆ.